ಮಾರ್ಚ್ ಮೂವತ್ತೊಂದರ ಬಡ್ಡಿ

ಇದು ನಡೆದ ವರ್ಷ ಯಾವುದೆಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಆಣೆ ಹೋಗಿ ನಯಾ ಪೈಸೆ ಬಂದಿತ್ತು, ಆದರೂ ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ಮುದುಕರು ಇನ್ನೂ ನಾಲ್ಕಾಣೆ ಎಂಟಾಣೆ ಎಂದೇ ಲೆಕ್ಕ ಹಾಕುತ್ತಿದ್ದರು. ನಾನು ವಿಶ್ವವಿದ್ಯಾಲಯದಿಂದ ಗಣಿತದ ಪದವಿ ತಂದು, ಅದನ್ನು ಯಾರೂ ಕೇಳದ ಕಾರಣ ಪೇಟೆಯ ಶಾಲೆಯೊಂದರಲ್ಲಿ ಭಿನ್ನರಾಶಿ ಕಲಿಸುತ್ತಿದ್ದೆ. ಅಂದರೆ ಅರವತ್ತರ ಆಸುಪಾಸು. ಮೊತ್ತಗಳು ಮಾತ್ರ ನೆನಪಿವೆ, ಅಥವಾ ನೆನಪಿವೆ ಎಂದುಕೊಂಡಿದ್ದೇನೆ. ಅವನ್ನು ಮತ್ತೆ ಗುಣಿಸಿ ನೋಡಿದೆ, ಸರಿಯಾಗಿ ಕೂಡುತ್ತವೆ. ನೆನಪಿಗಿಂತ ಗುಣಾಕಾರವನ್ನು ನಂಬುವುದು ಕ್ಷೇಮ.

ನನ್ನ ಸೋದರಮಾವ ಚಿನ್ನದ ಗಣಿಯ ಅದಿರು ಅರೆಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಕಾಮಸಮುದ್ರದ ಕಡೆಯ ನಮ್ಮ ಹಳ್ಳಿಗಳಿಂದ ಗಣಿಗೆ ಬಂದು ಸೇರಿದ ಮೂವತ್ತು ನಲವತ್ತು ಜನ ಒಂದು ಫಂಡು ಮಾಡಿಕೊಂಡಿದ್ದರು. ಅದರ ಕೆಲಸ ಒಂದೇ. ಅವರಲ್ಲಿ ಯಾರಾದರೂ ಸತ್ತರೆ ಹೆಣವನ್ನು ಲಾರಿಯಲ್ಲಿ ಹುಟ್ಟಿದೂರಿಗೆ ಸಾಗಿಸಿ ಅಲ್ಲಿ ಮಣ್ಣು ಮಾಡಿಸುವುದು. ಗಣಿಯ ಸುಡುಗಾಡಿನಲ್ಲಿ ಹೂತುಹೋಗುವುದೆಂದರೆ ಅವರಿಗೆ ಸಾವಿಗಿಂತ ದೊಡ್ಡ ಭಯ. ಬದುಕಿದ್ದಾಗ ಊರಿನವರು ಒಂದು ಲೋಟ ನೀರು ಕೊಡದೆ ಓಡಿಸಿದ್ದರೂ ಸತ್ತ ಮೇಲೆ ಆ ಊರೇ ಬೇಕು. ಇದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗುವುದಿಲ್ಲ.

ಫಂಡು ಸಾವಿರದ ಇನ್ನೂರು ರೂಪಾಯಿ ಮುಟ್ಟಿದ ಮೇಲೆ ಅವರು ವಂತಿಗೆ ಎತ್ತುವುದನ್ನು ನಿಲ್ಲಿಸಿದ್ದರು. ಯಾರಾದರೂ ಸತ್ತು ದುಡ್ಡು ಖರ್ಚಾದರೆ ಮಾತ್ರ ಮತ್ತೆ ಎತ್ತುವುದು. ಹಣ ಬಂಗಾರಪೇಟೆಯ ಒಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿತ್ತು. ಖಜಾಂಚಿ ನನ್ನ ಮಾವ. ಅವನಿಗೆ ಕನ್ನಡ ಓದಲು ಬರುತ್ತಿತ್ತು, ಅಂಕಿ ಓದಲು ಬರುತ್ತಿತ್ತು, ರಾತ್ರಿ ಪಾಳಿಯಿದ್ದ ವಾರ ಬೆಳಿಗ್ಗೆ ಬಂಗಾರಪೇಟೆಗೆ ಹೋಗಿ ಬರುವಷ್ಟು ಹೊತ್ತಿರುತ್ತಿತ್ತು. ಖಜಾಂಚಿತನಕ್ಕೆ ಅಷ್ಟು ಅರ್ಹತೆ ಸಾಕಾಗಿತ್ತು.

ಅಸಲು ಸತ್ತವರದು, ಬಡ್ಡಿ ಬದುಕಿದವರದು. ಇದು ಫಂಡಿನ ನಿಯಮ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿ ಹಾಕುತ್ತಿತ್ತು, ಮಾರ್ಚ್ ಮೂವತ್ತೊಂದು, ಜೂನ್ ಮೂವತ್ತು, ಸೆಪ್ಟೆಂಬರ್ ಮೂವತ್ತು, ಡಿಸೆಂಬರ್ ಮೂವತ್ತೊಂದನೇ ತಾರೀಖು. ವರ್ಷಕ್ಕೆ ನೂರಕ್ಕೆ ಮೂರು. ಸಾವಿರದ ಇನ್ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಮೂರು ತಿಂಗಳಿಗೆ ಒಂಬತ್ತು. ಆ ಒಂಬತ್ತು ರೂಪಾಯಿಯನ್ನು ಮಾವ ತೆಗೆದು ತರುತ್ತಿದ್ದ. ಮುಂದಿನ ಭಾನುವಾರ ಗಣಿ ಕೂಲಿಗಳ ಲೈನುಮನೆಗಳ ಕೊನೆಯ ತಗಡಿನ ಶೆಡ್ಡಿನಲ್ಲಿ ಮೀಟಿಂಗು. ತಲೆಗೆ ಎರಡು ಬೋಂಡ, ಒಂದು ಲೋಟ ಕಾಫಿ. ಸಾವಿನ ಫಂಡಿನ ಲೆಕ್ಕವನ್ನು ಆ ಗಂಡಸರು ನೋಡುತ್ತಿದ್ದುದು ಬೋಂಡದ ಮೂಲಕ. ಬೋಂಡ ಬಂತೆಂದರೆ ಫಂಡು ಸರಿಯಾಗಿದೆ. ಪಾಸ್‌ಪುಸ್ತಕವನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಮಾವನೂ, ನಾನು ನಂತರ ಕಂಡುಕೊಂಡಂತೆ, ಅಷ್ಟಾಗಿ ನೋಡುತ್ತಿರಲಿಲ್ಲ.

ಆ ವರ್ಷದ ಜುಲೈ ಮೀಟಿಂಗಿಗೆ ನಾನು ಹೋಗಿದ್ದೆ. ಯಾಕೆ ಹೋಗಿದ್ದೆನೋ ತಿಳಿಯದು. ಬಹುಶಃ ಬೋಂಡಕ್ಕೇ ಇರಬಹುದು. ಆದರೆ ಆ ದಿನ ಬೋಂಡ ಇರಲಿಲ್ಲ. ಮಾವ ಹಿಂದಿನ ದಿನವಷ್ಟೇ ಬ್ಯಾಂಕಿಗೆ ಹೋಗಿ ಪುಸ್ತಕಕ್ಕೆ ಬಡ್ಡಿ ಬರೆಸಿಕೊಂಡು ಬಂದಿದ್ದ. ದುಡ್ಡು ತೆಗೆಯುವಷ್ಟರಲ್ಲಿ ಕೌಂಟರು ಮುಚ್ಚಿದ್ದರಂತೆ. ಆದ್ದರಿಂದ ಬೋಂಡದ ಬದಲು ಪುಸ್ತಕವನ್ನೇ ಮುಂದಿಟ್ಟು ಜೋರಾಗಿ ಓದಿದ.

"ಜೂನ್ ಮೂವತ್ತು. ಬಡ್ಡಿ ಎಂಟು ರೂಪಾಯಿ ತೊಂಬತ್ತಮೂರು ಪೈಸೆ."

"ಎಷ್ಟು?" ಎಂದವನು ಮೇಸ್ತ್ರಿ.

ಇವನೂ ನಮ್ಮ ಕಡೆಯವನೇ. ಗಣಿಯ ಮೇಲ್ಭಾಗದ ಕೂಲಿಗಳಿಗೆ ಮೇಸ್ತ್ರಿ, ಸಂಬಳದ ದಿನ ಅದೇ ಕೂಲಿಗಳಿಗೆ ಸಾಲ ಕೊಟ್ಟ ಸಾಹುಕಾರ. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ. ಫಂಡಿನ ದುಡ್ಡು ತನ್ನ ಕೈಯಲ್ಲಿ ತಿರುಗಬೇಕೆಂದು ಬಹಳ ದಿನದಿಂದ ಆಸೆ ಪಟ್ಟಿದ್ದ. ಬ್ಯಾಂಕಿನ ಮೂರು ಪರ್ಸೆಂಟ್ ಅವನ ಕಣ್ಣಿಗೆ ಶುದ್ಧ ಅವಿವೇಕ. ಆ ಒಂದು ವಿಷಯದಲ್ಲಿ ಅವನ ಗಣಿತ ಸರಿಯಿತ್ತು.

"ಎಂಟು ತೊಂಬತ್ಮೂರು," ಎಂದ ಮಾವ.

"ಯಾವಾಗ್ಲೂ ಒಂಬತ್ತು. ಈಗ ಏಳು ಪೈಸೆ ಎಲ್ಲಿಗೋತು? ಬ್ಯಾಂಕಿನ ಬಾಗ್ಲಾಗೆ ಬೋರ್ಡು ಆಕವ್ರೆ, ಮೂರೂವರೆ ಪರ್ಸೆಂಟು ಅಂತ. ನನ್ ಕಣ್ಣಾರೆ ನೋಡಿವ್ನಿ. ಜಾಸ್ತಿ ಬರಬೇಕಿದ್ ಕಡೆ ಕಮ್ಮಿ ಬಂದೈತೆ. ತತ್ತಾ ಇಲ್ಲಿ ಪುಸ್ತಕ."

ಮಾವ ಕೊಟ್ಟ. ಮೇಸ್ತ್ರಿ ಪುಟ ತಿರುಗಿಸಿದ. ಅವನಿಗೆ ಅಂಕಿ ಮಾತ್ರ ಬರುತ್ತಿತ್ತು, ಆದರೆ ಇಂಥವರಿಗೆ ಅಷ್ಟು ಸಾಕು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ಬಹಳ ಮೆತ್ತಗೆ ಕೇಳಿದ.

"ಖಜಾಂಚಿಗಳೇ, ಮಾರ್ಚಿನ ಬಡ್ಡಿ ಎಲ್ಲೈತೆ ತೋರ್ಸಿ."

ಪುಟದಲ್ಲಿ ಡಿಸೆಂಬರ್ ಮೂವತ್ತೊಂದರ ಬಡ್ಡಿ ಒಂಬತ್ತು ಇತ್ತು. ಜನವರಿಯಲ್ಲಿ ಆ ಒಂಬತ್ತನ್ನು ತೆಗೆದದ್ದು ಇತ್ತು. ಅದರ ಕೆಳಗೆ ನೇರವಾಗಿ ಏಪ್ರಿಲ್ ಎಂಟನೇ ತಾರೀಖು ಒಂಬತ್ತು ರೂಪಾಯಿ ವಾಪಸು ತೆಗೆದದ್ದು, ಉಳಿಕೆ ಸಾವಿರದ ನೂರ ತೊಂಬತ್ತೊಂದು. ನಡುವೆ ಮಾರ್ಚ್ ಮೂವತ್ತೊಂದರ ಸಾಲೇ ಇರಲಿಲ್ಲ.

"ಬಡ್ಡಿ ಬರ್ದೇ ಇಲ್ಲ. ದುಡ್ಡು ಮಾತ್ರ ತೆಗ್ದವ್ನೆ," ಎಂದ ಮೇಸ್ತ್ರಿ ಎಲ್ಲರ ಕಡೆ ತಿರುಗಿ. "ಅಂದ್ರೆ ಇವ್ನು ತೆಗ್ದಿದ್ದು ಅಸಲು. ಸತ್ತೋರ ದುಡ್ಡು."

"ಅದು ಬೋಂಡಕ್ಕೆ ತೆಗ್ದಿದ್ದು ಕಣ್ಲಾ," ಎಂದ ಮಾವ. "ಬಡ್ಡಿ ಲೆಕ್ಕ ಇನ್ನೂ ಆಗಿಲ್ಲ, ಆಮೇಲೆ ಬರ್ಕೊಡ್ತೀವಿ ಅಂದ ಬ್ಯಾಂಕಿನೋನು. ಯಾವಾಗ್ಲೂ ಬರೋದು ಒಂಬತ್ತೇ ಅಲ್ವಾ ಅಂತ ತೆಗ್ದೆ. ಏಪ್ರಿಲ್ನಾಗೆ ನೀವೆಲ್ಲ ತಿನ್ಲಿಲ್ವಾ?"

ಆಗ ನಾನು ಕಂಡದ್ದನ್ನು ಮರೆಯಲಾರೆ. ಒಬ್ಬನಿಗೂ ಏಪ್ರಿಲಿನ ಬೋಂಡ ನೆನಪಿರಲಿಲ್ಲ.

"ನಂದು ಅವತ್ತು ಡ್ಯೂಟಿ ಇತ್ತು."

"ಏಪ್ರಿಲ್ನಾಗಾ? ಅದು ಜನವರಿದು ಇರ್ಬೇಕು."

"ಕಾಫಿ ಕುಡ್ದಿದ್ ಗೆಪ್ತಿ ಐತೆ. ಬೋಂಡ ಗೆಪ್ತಿ ಇಲ್ಲ."

ಹತ್ತು ವರ್ಷದ ಹಿಂದೆ ಯಾರ ಮದುವೆಯಲ್ಲಿ ಯಾರಿಗೆ ಮುದ್ದೆ ಚಿಕ್ಕದಾಯಿತು ಎಂದು ಹೇಳಬಲ್ಲ ಜನ ಇವರು. ಮೂರು ತಿಂಗಳ ಹಿಂದೆ ತಾವೇ ತಿಂದದ್ದು ಮರೆತುಹೋಗಿತ್ತು. ನಾನೂ ಆ ಏಪ್ರಿಲ್ ಮೀಟಿಂಗಿಗೆ ಹೋಗಿದ್ದೆನೇ ಇಲ್ಲವೇ ಎಂದು ಆಗ ಯೋಚಿಸಿದೆ, ನನಗೂ ಖಚಿತವಾಗಲಿಲ್ಲ. ಆದರೆ ನನ್ನ ಮರೆವಿನಿಂದ ಯಾರ ಮಾನವೂ ಹೋಗುವಂತಿರಲಿಲ್ಲ.

ಒಬ್ಬ, ತನ್ನ ಬುದ್ಧಿವಂತಿಕೆ ತೋರಿಸಲೆಂದು, ಇನ್ನೊಂದು ಆರೋಪ ಸೇರಿಸಿದ. ಡಿಸೆಂಬರಿಗೆ ಮೂವತ್ತೊಂದನೇ ತಾರೀಖು ಬಡ್ಡಿ ಹಾಕಿದ್ದಾರೆ, ಜೂನಿಗೆ ಮೂವತ್ತಕ್ಕೇ ನಿಲ್ಲಿಸಿದ್ದಾರೆ, ಆ ಒಂದು ದಿನದ ಬಡ್ಡಿಯನ್ನು ಯಾರು ತಿಂದರು?

"ಜೂನ್ನಾಗೆ ಮೂವತ್ತೊಂದು ಎಲ್ಲೈತೋ ನಿಮ್ಮಪ್ಪನ್ದು?" ಎಂದರು ಯಾರೋ. ನಗೆ ಎದ್ದಿತು. ಮಾವ ಮಾತ್ರ ನಗಲಿಲ್ಲ.

ಕೊನೆಗೆ ತೀರ್ಮಾನವಾಯಿತು. ಮುಂದಿನ ತಿಂಗಳು ಇನ್ನೊಂದು ಮೀಟಿಂಗು. ಅಷ್ಟರಲ್ಲಿ ಮಾವ ಲೆಕ್ಕ ತೋರಿಸಬೇಕು. ಇಲ್ಲದಿದ್ದರೆ ಪುಸ್ತಕ ಮೇಸ್ತ್ರಿಗೆ ಕೊಡಬೇಕು, ಮಾವನ ಹೆಸರನ್ನು ಫಂಡಿನಿಂದ ತೆಗೆಯಬೇಕು. ಕಳ್ಳನನ್ನು ಲಾರಿಯಲ್ಲಿ ಊರಿಗೆ ಕಳಿಸುವುದಿಲ್ಲ. ಇದನ್ನು ಹೇಳಿದವನು ಮೇಸ್ತ್ರಿಯಲ್ಲ, ಮಾವನ ಪಕ್ಕದ ಮನೆಯವನು. ಅವನ ತಂದೆಯ ಹೆಣ ಹೋದ ಲಾರಿಯಲ್ಲಿ ಮಾವ ಡ್ರೈವರನ ಪಕ್ಕ ಕೂತು ದಾರಿ ತೋರಿಸಿಕೊಂಡು ಹೋಗಿದ್ದ.

ಮರುದಿನ ಬೆಳಿಗ್ಗೆ ಮಾವ ಪಾಳಿ ಮುಗಿಸಿ, ಮಿಲ್ಲಿನ ಧೂಳು ಮೈಮೇಲಿದ್ದ ಹಾಗೆಯೇ ನಮ್ಮ ಮನೆಗೆ ಬಂದ. ಪುಸ್ತಕವನ್ನು ನನ್ನ ಮುಂದೆ ಹಾಕಿದ.

"ನೋಡ್ಲಾ ಅಳಿಯ. ಅಷ್ಟೊಂದು ಓದಿದೀಯ."

"ನೀನು ಏಪ್ರಿಲಿನಲ್ಲಿ ಒಂದು ಸಲ ನೋಡಿದ್ದರೆ ಆಗುತ್ತಿತ್ತಲ್ಲ ಮಾವ. ಬಡ್ಡಿ ಬಂದಿದೆಯೋ ಇಲ್ಲವೋ ನೋಡದೆ ದುಡ್ಡು ತೆಗೆಯುತ್ತಾರೆಯೇ?"

"ಬ್ಯಾಂಕಿನೋರು ತಪ್ಪು ಮಾಡ್ತಾರಾ?"

ಈ ಮಾತನ್ನು ಅವನು ನಿಜವಾಗಿ ನಂಬಿದ್ದ. ಇಸ್ತ್ರಿ ಅಂಗಿ, ಮೇಜು, ಇಂಗ್ಲಿಷು, ಇವು ಮೂರಿದ್ದಲ್ಲಿ ತಪ್ಪು ನುಸುಳದು ಎಂಬ ನಂಬಿಕೆ ನಮ್ಮವರಲ್ಲಿ ದೇವರಿಗಿಂತ ಗಟ್ಟಿ. ನಾನು ಅಂಥ ಮೇಜುಗಳ ಹಿಂದೆ ಕೂತವರ ಜೊತೆ ಕಾಲೇಜು ಓದಿದ್ದೆ. ನನಗೆ ಆ ನಂಬಿಕೆ ಇರಲಿಲ್ಲ.

ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ನಿಯಮಗಳನ್ನು ಓದಿದೆ. ಪ್ರತಿ ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಜನವರಿ, ಫೆಬ್ರವರಿ, ಮಾರ್ಚ್: ಮೂರು ತಿಂಗಳೂ ಸಾವಿರದ ಇನ್ನೂರು ಅಲುಗಾಡದೆ ಇತ್ತು. ಒಂಬತ್ತು ರೂಪಾಯಿ ಬರಲೇಬೇಕು. ಬಂದಿಲ್ಲ. ಏಪ್ರಿಲ್ ಎಂಟಕ್ಕೆ ಒಂಬತ್ತು ತೆಗೆದದ್ದರಿಂದ ಮುಂದಿನ ಮೂರು ತಿಂಗಳೂ ಕನಿಷ್ಠ ಮೊತ್ತ ಸಾವಿರದ ನೂರ ತೊಂಬತ್ತೊಂದು. ಅದಕ್ಕೆ ಮೂರು ಪರ್ಸೆಂಟಿನಂತೆ ಮೂರು ತಿಂಗಳಿಗೆ ಎಂಟು ರೂಪಾಯಿ ತೊಂಬತ್ತಮೂರು ಪೈಸೆ. ಸರಿಯಾಗಿ ಪುಸ್ತಕದಲ್ಲಿದ್ದಷ್ಟೇ. ಮಾರ್ಚಿನ ಒಂಬತ್ತು ಅದರ ತಾರೀಖಿಗೆ ಬಂದಿದ್ದರೆ ಏಪ್ರಿಲಿನಲ್ಲಿ ತೆಗೆದ ಮೇಲೂ ಸಾವಿರದ ಇನ್ನೂರು ಉಳಿಯುತ್ತಿತ್ತು, ಜೂನಿಗೆ ಪೂರಾ ಒಂಬತ್ತು ಬರುತ್ತಿತ್ತು. ಏಳು ಪೈಸೆಯನ್ನು ಯಾರೂ ಕದ್ದಿರಲಿಲ್ಲ. ಅದು ಮಾರ್ಚಿನ ಬಡ್ಡಿ ಬಾರದಿದ್ದುದರ ಮರಿ.

"ಹಾಗಾದ್ರೆ ಮೂರೂವರೆ?" ಎಂದ ಮಾವ.

"ಅದನ್ನು ಬೋರ್ಡು ನೋಡಿ ಹೇಳಬೇಕು."

ಒಂದು ದಿನ ರಜೆ ಹಾಕಿ ಮಾವನ ಜೊತೆ ಬಂಗಾರಪೇಟೆಯ ರೈಲು ಹತ್ತಿದೆ. ಮಾವ ದಾರಿಯುದ್ದಕ್ಕೂ ಪುಸ್ತಕವನ್ನು ಒಳ ಅಂಗಿಯ ಜೇಬಿನಲ್ಲಿಟ್ಟು ಮೇಲೆ ಕೈ ಇಟ್ಟುಕೊಂಡಿದ್ದ. ಬ್ಯಾಂಕು ಮಾರ್ಕೆಟ್ಟಿನ ಪಕ್ಕ, ಕಡಲೆಕಾಯಿ ಮಂಡಿಯೊಂದರ ಮಹಡಿಯ ಮೇಲೆ ಇತ್ತು ಎಂದು ನನ್ನ ನೆನಪು. ಮಾವನ ಮಗಳು ಇತ್ತೀಚೆಗೆ, ಅಲ್ಲ, ಅದು ನೆಲದ ಮೇಲೆಯೇ ಇತ್ತು, ಅಪ್ಪನ ಜೊತೆ ನಾನೂ ಹೋಗಿದ್ದೇನೆ ಎಂದಳು. ಇರಬಹುದು. ಹತ್ತಿದ ಮೆಟ್ಟಿಲು ಬೇರೆ ಯಾವುದೋ ಕಚೇರಿಯದಿರಬಹುದು. ಎಲ್ಲ ಕಚೇರಿಗಳೂ ನನ್ನ ತಲೆಯಲ್ಲಿ ಒಂದೇ ಆಗಿಹೋಗಿವೆ.

ಬಾಗಿಲ ಪಕ್ಕದ ಬೋರ್ಡಿನಲ್ಲಿ ಉಳಿತಾಯ ಖಾತೆಗೆ ಮೂರೂವರೆ ಎಂದು ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಜುಲೈ ಒಂದರಿಂದ ಎಂದಿತ್ತು. ಜೂನಿಗೆ ಮುಗಿದ ಮೂರು ತಿಂಗಳಿಗೆ ಹಳೆಯ ದರವೇ. ಮೇಸ್ತ್ರಿ ಕಣ್ಣಾರೆ ನೋಡಿದ್ದು ದೊಡ್ಡ ಅಕ್ಷರ ಮಾತ್ರ. ದರ ಸರಿ, ತಾರೀಖು ತಪ್ಪು. ನಾನು ಅರ್ಧ ಕೆಲಸ ಮುಗಿಯಿತೆಂದುಕೊಂಡೆ.

ಬಡ್ಡಿ ಲೆಕ್ಕದ ಗುಮಾಸ್ತ ಪುಸ್ತಕ ನೋಡದೆಯೇ ಉತ್ತರ ಕೊಟ್ಟ.

"ಬಡ್ಡಿ ಎಲ್ಲರಿಗೂ ಹಾಕಿದ್ದಾಯ್ತಲ್ರೀ."

"ಇವರಿಗೆ ಮಾರ್ಚಿನದು ಹಾಕಿಲ್ಲ."

"ಆಗಿರುತ್ತೆ. ಪುಸ್ತಕಕ್ಕೆ ಏರಿಸಿರಲ್ಲ ಅಷ್ಟೆ."

"ಹಾಗಾದರೆ ಲೆಡ್ಜರು ತೆಗೆದು ನೋಡಿ. ಅಲ್ಲಿದ್ದರೆ ಉಳಿಕೆಯೂ ಒಂಬತ್ತು ಜಾಸ್ತಿ ಇರಬೇಕು."

ಅವನು ನನ್ನನ್ನು ನೋಡಿದ ರೀತಿ ಚೆನ್ನಾಗಿ ನೆನಪಿದೆ. ಧೂಳಿನ ಅಂಗಿಯವನ ಜೊತೆ ಬಂದವನು ಉಳಿಕೆಯ ಮಾತಾಡಬಾರದಿತ್ತು. ಲೆಡ್ಜರು ಬಂತು. ಹೊಸದು, ಅಂಟಿನ ವಾಸನೆ ಹೊಡೆಯುವ ರಟ್ಟು. ಖಾತೆಯ ಪುಟದ ಮೊದಲ ಸಾಲೇ ಮಾರ್ಚ್ ಕೊನೆಯ ವಾರದ್ದು: ಹಳೆಯ ಲೆಡ್ಜರಿನಿಂದ ತಂದ ಉಳಿಕೆ ಸಾವಿರದ ಇನ್ನೂರು. ಎರಡನೆಯದು ಏಪ್ರಿಲ್ ಎಂಟು. ಬಡ್ಡಿ ಇಲ್ಲ. ಹಳೆಯ ಲೆಡ್ಜರು ತರಿಸಿದೆವು. ಅಲ್ಲಿ ಜನವರಿಯ ನಂತರ ಕೆಂಪು ಮಸಿಯಲ್ಲಿ, ಹೊಸ ಪುಟಕ್ಕೆ ಒಯ್ದಿದೆ, ಎಂದು ಬರೆದು ಗೀಟು ಎಳೆದಿತ್ತು. ಅಲ್ಲೂ ಬಡ್ಡಿ ಇಲ್ಲ.

ಆಗಿದ್ದು ಇಷ್ಟು. ಹಳೆಯ ಲೆಡ್ಜರು ತುಂಬಿ, ಬಡ್ಡಿ ಲೆಕ್ಕದ ಮುಂಚಿನ ವಾರದಲ್ಲೇ ಖಾತೆಗಳನ್ನು ಹೊಸದಕ್ಕೆ ಎತ್ತಿದ್ದರು. ಹಳೆಯದರಲ್ಲಿ ಬಡ್ಡಿ ಲೆಕ್ಕ ಹಾಕಿದವನು ಗೀಟು ನೋಡಿ ಮುಂದೆ ಹೋದ. ಹೊಸದರಲ್ಲಿ ಕೂತವನು ಜನವರಿ ಫೆಬ್ರವರಿ ಕಾಣದೆ, ಹಳೆಯದರಲ್ಲಿ ಆಗಿರುತ್ತದೆ ಎಂದು ಮುಂದೆ ಹೋದ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂರುತ್ತಿದ್ದರು.

"ಇಂಥವು ಇನ್ನೆಷ್ಟು ಖಾತೆ ಇವೆ?" ಎಂದೆ.

"ಯಾರಾದ್ರೂ ಕೇಳಿದ್ರೆ ನೋಡೋಣ," ಎಂದ ಗುಮಾಸ್ತ.

ನಾನು ಅದನ್ನೇ ಒಳಗಿದ್ದ ಏಜೆಂಟರ ಮುಂದೆ ಹೇಳಿದೆ. ಆಗ ಶಾಖೆಯ ಮುಖ್ಯಸ್ಥರನ್ನು ಏಜೆಂಟ್ ಎನ್ನುತ್ತಿದ್ದರು. ಬಿಳಿ ಪ್ಯಾಂಟು, ಬಾಯಲ್ಲಿ ಎಲೆಯಡಿಕೆ. ನಮ್ಮನ್ನು ನಿಲ್ಲಿಸಿಕೊಂಡೇ ಮಾತಾಡಿದರು.

"ನಮ್ಮ ಲೆಡ್ಜರು ಪೈಸೆಗೆ ಪೈಸೆ ತಾಳೆ ಆಗಿದೆ ಕಣ್ರೀ. ತಪ್ಪಿದ್ದರೆ ತಾಳೆ ಆಗುತ್ತಿತ್ತೆ?"

ಬಡ್ಡಿಯನ್ನು ಎಲ್ಲಿಯೂ ಬರೆಯದಿದ್ದರೆ ಎಲ್ಲ ಕಡೆಯೂ ತಾಳೆ ಆಗುತ್ತದೆ, ಕೊಡದೇ ಇದ್ದದ್ದಕ್ಕೆ ಲೆಕ್ಕ ತಪ್ಪುವುದಿಲ್ಲ ಎಂದೆ. ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನಾನು ಏನು ಓದಿದ್ದೇನೆಂದು ಕೇಳಿದರು. ಹೇಳಿದೆ. ಕುರ್ಚಿ ತೋರಿಸಿದರು. ನನಗೆ ಮಾತ್ರ. ಮಾವ ನಿಂತೇ ಇದ್ದ, ನಾನೂ ಕೂರಲಿಲ್ಲ. ಅದು ಮರ್ಯಾದೆಯಿಂದಲೋ ಹಠದಿಂದಲೋ ಈಗ ಹೇಳುವುದು ಕಷ್ಟ.

ಒಂಬತ್ತು ರೂಪಾಯಿ ಏಳು ಪೈಸೆ ಕೊಡಲು ಅವರು ಒಪ್ಪಿದರು. ಜಗಳ ಶುರುವಾದದ್ದು ಆಮೇಲೆ, ಶುರು ಮಾಡಿದವನು ಮಾವ.

"ಮಾರ್ಚ್ ಮೂವತ್ತೊಂದು ಅಂತ ಬರೀಬೇಕು ಸಾಮಿ."

"ಇವತ್ತು ಆಗಸ್ಟು. ಇವತ್ತು ಕೊಡೋದನ್ನ ಇವತ್ತಿನ ತಾರೀಖಿಗೇ ಬರೆಯೋದು."

"ನಂಗೆ ಮಾರ್ಚೇ ಬೇಕು."

"ದುಡ್ಡು ಬಂತಲ್ಲಯ್ಯಾ. ತಾರೀಖು ತಗೊಂಡು ನೆಕ್ಕುತ್ತೀಯಾ?"

"ದುಡ್ಡು ನಂದಲ್ಲ ಸಾಮಿ. ತಾರೀಖು ನಂದು."

ಏಜೆಂಟರು ನಕ್ಕರು. ಗುಮಾಸ್ತನೂ ಅವರನ್ನು ನೋಡಿ ನಕ್ಕ. ದಾಟಿಹೋದ ತಾರೀಖಿನ ಕೆಳಗೆ ಹೊಸ ಸಾಲು ತುರುಕಲು ಬರುವುದಿಲ್ಲ ಎಂಬುದು ಸರಿಯೇ. ಹಾಗೆ ಮಾಡಿದರೆ ಅದೇ ಕಳ್ಳ ಲೆಕ್ಕ. ಇದನ್ನು ಮಾವನಿಗೆ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು, ಅವನಿಗೆ ಪೂರ್ತಿ ಒಪ್ಪಿಗೆಯಾಗಲೇ ಇಲ್ಲ. ಕೊನೆಗೆ ನಾನು ಗುಮಾಸ್ತನಿಗೆ ಹೇಳಿ ಎರಡು ಬೇರೆ ಬೇರೆ ಸಾಲು ಬರೆಸಿದೆ. ತಾರೀಖಿನ ಕಾಲಮಿನಲ್ಲಿ ಆಗಸ್ಟು. ವಿವರದ ಜಾಗದಲ್ಲಿ ಒಂದಕ್ಕೆ, ಮಾರ್ಚ್ ಮೂವತ್ತೊಂದಕ್ಕೆ ಮುಗಿದ ಮೂರು ತಿಂಗಳ ಬಡ್ಡಿ, ಒಂಬತ್ತು ರೂಪಾಯಿ. ಇನ್ನೊಂದಕ್ಕೆ, ಜೂನ್ ಮೂವತ್ತರ ಬಡ್ಡಿಯ ವ್ಯತ್ಯಾಸ, ಏಳು ಪೈಸೆ. ಬರಹ ಇಂಗ್ಲಿಷು, ತಾರೀಖು ಅಂಕಿಯಲ್ಲಿ. ಎರಡರ ಪಕ್ಕದಲ್ಲೂ ಏಜೆಂಟರ ಕಿರುಸಹಿ. ಉಳಿಕೆ ಸಾವಿರದ ಇನ್ನೂರ ಒಂಬತ್ತು ರೂಪಾಯಿ.

ಆಗಸ್ಟಿನ ಮೀಟಿಂಗಿಗೆ ಹಿಂದೆಂದೂ ಬಾರದವರೂ ಬಂದಿದ್ದರು. ಒಬ್ಬನ ಮಾನ ಹೋಗುವುದನ್ನು ನೋಡಲು ಜನ ಪಾಳಿ ಬದಲಾಯಿಸಿಕೊಂಡು ಬರುತ್ತಾರೆ.

ಮಾವ ಪುಸ್ತಕವನ್ನು ನೇರವಾಗಿ ಮೇಸ್ತ್ರಿಯ ಕೈಗೆ ಕೊಟ್ಟ. ಮೇಸ್ತ್ರಿ ನೋಡಿದ. ಬಂದೀತೆಂದು ನಾನು ಎಣಿಸಿದ್ದ ಮಾತೇ ಬಂತು.

"ಆಗಸ್ಟು. ಮೀಟಿಂಗಲ್ಲಿ ಸಿಕ್ಕಾಕ್ಕೊಂಡ ಮ್ಯಾಲೆ ತಂದು ಕಟ್ಟವ್ನೆ. ತಿಂದಿದ್ದು ಕಕ್ಕವ್ನೆ."

ಒಪ್ಪಿಗೆಯ ಗೊಣಗಾಟ ಎದ್ದಿತು. ಅವರಿಗೆ ಇದು ಬಹಳ ಚೆನ್ನಾಗಿ ಅರ್ಥವಾಗುವ ಕಥೆ. ಎರಡು ಲೆಡ್ಜರು, ಕೆಂಪು ಗೀಟು, ಇಬ್ಬರು ಗುಮಾಸ್ತರ ಕಥೆ ಯಾರಿಗೆ ಬೇಕು? ನಾನು ಅದನ್ನು ಹೇಳಿದೆ. ಎರಡನೇ ವಾಕ್ಯಕ್ಕೆ ಒಬ್ಬ ಬೀಡಿ ಹಚ್ಚಿದ, ನಾಲ್ಕನೆಯದಕ್ಕೆ ಇಬ್ಬರು ತಮಿಳಿನಲ್ಲಿ ಬೇರೇನೋ ಮಾತು ತೆಗೆದರು. ಗಣಿತ ಕಲಿಸುವವನಿಗೆ ಇದು ಹೊಸದಲ್ಲ.

"ಓದಿದೋನು ಅವ್ನ ಅಳಿಯ ತಾನೆ," ಎಂದ ಮೇಸ್ತ್ರಿ. "ಏನ್ ಬೇಕಾದ್ರೂ ಓದ್ತಾನೆ."

"ನೀನೇ ಓದು ಹಾಗಾದರೆ," ಎಂದೆ.

"ನಂಗೆ ಇಂಗ್ಲೀಷು ಬರಾಕಿಲ್ಲ ಅಂತ ತಾನೆ ಈ ಮಾತು?"

"ಓದಬೇಡ. ನೋಡು ಸಾಕು. ನೀನು ಫಂಡಿಗೆ ಸೇರಿದಾಗ ವಂತಿಗೆ ಕಟ್ಟಿದ್ದು ಈ ಪುಟದಲ್ಲಿದೆ. ಕೈಯಾರೆ ದುಡ್ಡು ಕಟ್ಟಿದರೆ ಪಕ್ಕದಲ್ಲಿ ಈ ಮಾತು ಬರೆಯುತ್ತಾರೆ. ಡಿಸೆಂಬರಿನ ಬಡ್ಡಿ ಇಲ್ಲಿದೆ. ಬಡ್ಡಿಗೆ ಈ ಮಾತು. ಎರಡರ ಆಕಾರ ಬೇರೆ. ಈಗ ಈ ಆಗಸ್ಟಿನ ಸಾಲು ಯಾವುದರ ಹಾಗಿದೆ, ನೀನೇ ಹೇಳು."

ಅವನು ಪುಸ್ತಕವನ್ನು ಬಾಗಿಲ ಬೆಳಕಿಗೆ ಒಯ್ದ. ಬೆರಳಿಟ್ಟು ನೋಡಿದ. ಪುಟ ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ. ಅವನ ಹಿಂದೆ ಇನ್ನೂ ನಾಲ್ಕು ತಲೆ ಬಗ್ಗಿದವು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ತಮ್ಮ ಫಂಡಿನ ಪುಸ್ತಕ ನೋಡಿದ್ದರು, ಕಾಡುಮೃಗದ ಹೆಜ್ಜೆ ಗುರುತು ನೋಡುವ ಹಾಗೆ.

"ಬಡ್ಡಿದೇ," ಎಂದ ಪಕ್ಕದ ಮನೆಯವನು.

"ಇದ್ರಾಗೂ ಅದೇ ಬಾಲ ಐತೆ ನೋಡು," ಎಂದ ಇನ್ನೊಬ್ಬ.

"ಪಕ್ಕದಾಗೆ ಮೂವತ್ತೊಂದು, ಮೂರು ಅಂತನೂ ಐತೆ."

"ಅಂದ್ರೆ ಮೂರನೇ ತಿಂಗ್ಳು. ಮಾರ್ಚೇ."

ಮೇಸ್ತ್ರಿ ಕೊನೆಯ ಪ್ರಯತ್ನ ಮಾಡಿದ. "ಈ ಏಳು ಪೈಸೆ ಎಂತದು?"

"ನೀನು ಹೋದ ತಿಂಗಳು ಕೇಳಿದ ಏಳು ಪೈಸೆ," ಎಂದೆ. "ತಗೋ."

ಜನ ನಕ್ಕರು. ಹೋದ ತಿಂಗಳು ಮಾವನನ್ನು ಕಳ್ಳ ಎಂದ ಬಾಯಿಗಳೇ. ಅವು ಯಾರ ಕಡೆಯೂ ಇರಲಿಲ್ಲ. ಆಮೇಲೆ ಎಲ್ಲರಿಗೂ ಒಮ್ಮೆಲೇ ಏಪ್ರಿಲಿನ ಬೋಂಡ ನೆನಪಾಯಿತು. ಒಬ್ಬನಂತೂ ಅದರಲ್ಲಿ ಉಪ್ಪು ಜಾಸ್ತಿಯಾಗಿತ್ತು ಎಂದ. ಪಕ್ಕದ ಮನೆಯವನು ಎದ್ದು, ಅಣ್ಣ, ಆಗಿದ್ದು ಆಗೋಯ್ತು, ನೀನೇ ಇಟ್ಕೋ ಪುಸ್ತಕ ಎಂದ. ಹೂಂ ಹೂಂ ಎಂದರು. ಅಪರಾಧ ಹೊರಿಸುವಾಗ ತೋರಿದ ಉತ್ಸಾಹದ ಕಾಲುಭಾಗವೂ ಇರಲಿಲ್ಲ.

ಮಾವ ಪುಸ್ತಕ ಮುಟ್ಟಲಿಲ್ಲ.

"ನಾನ್ ಇಟ್ಕೊತೀನಿ. ಆದ್ರೆ ಒಂದು ಮಾತು. ಮೂರು ತಿಂಗ್ಳಿಗೊಂದ್ಸಲ ಬಡ್ಡಿ ಬರ್ಸಾಕೆ ನಾನ್ ಓಗೋವಾಗ ಮೇಸ್ತ್ರಿನೂ ಬರ್ಬೇಕು. ತಾರೀಕು ಅವ್ನು ನೋಡ್ಬೇಕು, ದರ ಅವ್ನು ಕೇಳ್ಬೇಕು, ಉಳಿಕೆ ಅವ್ನು ಓದ್ಬೇಕು. ಆಮ್ಯಾಕೆ ಇಲ್ಲಿ ನಿಂತ್ಕೊಂಡು ಯೋಳ್ಬೇಕು, ನಾನಲ್ಲ."

"ನನ್ ಕೂಲಿ ಯಾರ್ ಕೊಡ್ತಾರೆ ಆ ದಿನದ್ದು?" ಎಂದ ಮೇಸ್ತ್ರಿ.

"ನನ್ ಮಾನ ಯಾರ್ ಕೊಟ್ರು?"

ಮೇಸ್ತ್ರಿ ಸುತ್ತ ನೋಡಿದ. ಬೇರೆಯವರು ಬೇಗ ಬೇಗ ತಲೆಯಾಡಿಸಿದರು, ಹೋಗಬೇಕಾದವರು ತಾವಲ್ಲವಲ್ಲ. ನಾನು ಮನೆಗೆ ಬರುತ್ತ, ಇದು ಎರಡು ಸಲವೂ ನಡೆಯುವುದಿಲ್ಲ ಎಂದುಕೊಂಡೆ. ಮಾವನಿಗೂ ಹೇಳಿದೆ.

ನಡೆಯಿತು. ಒಂದೆರಡು ವರ್ಷದ ನಂತರ ನಾನು ಬೆಂಗಳೂರಿನ ಕಡೆ ಹೋಗುತ್ತ ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸುವಾಗ ಅವರಿಬ್ಬರನ್ನು ಪ್ಲಾಟ್‌ಫಾರಮಿನಲ್ಲಿ ನೋಡಿದೆ. ಕಣ್ಣಾರೆ ನೋಡಿದ್ದೋ, ಅತ್ತೆ ಹೇಳಿದ್ದನ್ನು ನೋಡಿದಂತೆ ಕಟ್ಟಿಕೊಂಡೆನೋ, ಈಗ ಬೇರ್ಪಡಿಸಲಾರೆ. ಅಕ್ಟೋಬರ್ ಇರಬೇಕು. ಮೇಸ್ತ್ರಿ ಬೆಂಚಿನ ಮೇಲೆ ಪುಸ್ತಕ ಹರಡಿಕೊಂಡು ಬೆರಳಿಂದ ಗೆರೆ ಹಿಡಿದಿದ್ದ. ಮಾವ ಸ್ವಲ್ಪ ದೂರದಲ್ಲಿ ನಿಂತು ಹಳಿಯ ಕಡೆ ನೋಡುತ್ತಿದ್ದ. ಅವರು ಒಬ್ಬರನ್ನೊಬ್ಬರು ಇಷ್ಟಪಟ್ಟಂತೆ ಕಾಣಲಿಲ್ಲ.

"ಸೆಪ್ಟೆಂಬರ್ ಮೂವತ್ತು," ಎಂದ ಮೇಸ್ತ್ರಿ. "ಮೂರೂವರೆ. ತಿಂಗ್ಳಿಗೆ ಮೂರೂವರೆ ರೂಪಾಯಿ ಮ್ಯಾಕೆ. ಸರಿಯಾಗೈತೆ."

"ಇನ್ನೊಂದ್ಸಲ ನೋಡು."

"ನೋಡ್ದೆ ಕಣ್ಲಾ, ಸರಿಯಾಗೈತೆ."

"ಇನ್ನೊಂದ್ಸಲ."

ಮೇಸ್ತ್ರಿ ಬೈದುಕೊಂಡು ಮತ್ತೆ ಮೇಲಿನ ಸಾಲಿನಿಂದ ಶುರು ಮಾಡಿದ. ಗಣಿಗೆ ವಾಪಸು ಹೋಗುವ ಮಾರಿಕುಪ್ಪಂ ಕಡೆಯ ಗಾಡಿ ಬಂದು ನಿಂತಿತು. ಅವನು ಮುಗಿಸುವವರೆಗೆ ಮಾವ ಹತ್ತಲಿಲ್ಲ.